ಮಗಳಿಗೊಂದು ಪತ್ರ: ವೀಣೆಯ ಲೆಕ್ಕ

ಮೈಸೂರು

ಪುಟ್ಟಿ,

ನಿನ್ನ ಪಟ್ಟಿ ನೋಡಿದೆ. ಮೂರು ತಿಂಗಳಲ್ಲಿ 62 ಗಂಟೆ ಸಾಧನೆ, ಐದು ವರ್ಣ ಪೂರ್ತಿ, ಒಂದು ದಿನವೂ ತಪ್ಪಿಲ್ಲದೆ 40 ದಿನ. ಹಾಸ್ಟೆಲಿನಲ್ಲಿ ವೀಣೆ ಇಟ್ಟುಕೊಂಡು ಇಷ್ಟು ಕೂತದ್ದು ದೊಡ್ಡ ಮಾತೇ. ಆದರೆ ಈ ಮೂರು ಲೆಕ್ಕಗಳನ್ನೂ ಒಮ್ಮೆ ಸರಿಯಾಗಿ ನೋಡು, ಕೈ ಕೆಟ್ಟರೂ ಯಾವುದೂ ಇಳಿಯುವಂಥದ್ದಲ್ಲ. ಕೆಟ್ಟದಾಗಿ ನುಡಿಸಿದರೂ ಗಂಟೆ ಕೂಡುತ್ತಲೇ ಹೋಗುತ್ತದೆ, ಮರೆತುಹೋದ ವರ್ಣವೂ ‘ಪೂರ್ತಿ’ಯ ಪಟ್ಟಿಯಲ್ಲೇ ಇರುತ್ತದೆ. ಕೈ ಕೆಟ್ಟಾಗ ಇಳಿಯದ ಸಂಖ್ಯೆಗೆ ಕೈ ಪಳಗಿದ್ದೂ ಗೊತ್ತಾಗುವುದಿಲ್ಲ. ಗಂಟೆ ಬರೆದಿಡು, ಬೇಡ ಅನ್ನುವುದಿಲ್ಲ. ಅದು ದಿನಸಿ ಚೀಟಿ ಇದ್ದಹಾಗೆ, ಅಡುಗೆ ಹೇಗಾಯಿತು ಅಂತ ಹೇಳುವುದಿಲ್ಲ.

ಬದಲಿಗೆ ಹೀಗೆ ಮಾಡು. ಭಾನುವಾರ ಬೆಳಿಗ್ಗೆ ಶ್ರುತಿ ಮಾಡಿಕೊಂಡವಳೇ ಸರಳೆ, ಜಂಟಿ ಏನೂ ನುಡಿಸದೆ, ಪುಸ್ತಕ ಮುಚ್ಚಿಟ್ಟು, ಫೋನಿನಲ್ಲಿ ರೆಕಾರ್ಡ್ ಹಾಕಿ ಮೋಹನ ರಾಗದ ವರ್ಣ ನುಡಿಸು. ಮೆಟ್ರೊನೋಮ್ 60ಕ್ಕೆ, ತಾಳದ ಒಂದೊಂದು ಎಣಿಕೆಗೆ ಒಂದೊಂದು ಕ್ಲಿಕ್. ಪಲ್ಲವಿ, ಅನುಪಲ್ಲವಿ, ಮುಕ್ತಾಯಿಸ್ವರ ತಾಳದ ಎರಡೆರಡು ಆವರ್ತದಂತೆ ಆರು. ಒಂದನೇ ಕಾಲದಲ್ಲಿ ಒಮ್ಮೆ, ಎರಡನೇ ಕಾಲದಲ್ಲಿ ವೇಗ ಇಮ್ಮಡಿಯಾದ್ದರಿಂದ ಎರಡು ಸಲ ನುಡಿಸಿದರೆ ಮತ್ತೆ ಆರು. ಒಟ್ಟು 12. ಇದರಲ್ಲಿ ಶುದ್ಧವಾಗಿ ಬಂದದ್ದು ಎಷ್ಟು ಅನ್ನುವುದೇ ನಿನ್ನ ಸಂಖ್ಯೆ. ಮೊದಲ ಸಲದ್ದೇ ಲೆಕ್ಕ. ನಾಲ್ಕನೇ ಸಲ ಚೆನ್ನಾಗಿ ಬಂದದ್ದನ್ನು ಹಿಡಿದರೆ ಅದು ಆ ಹತ್ತು ನಿಮಿಷದ ಬಿಸಿ, ವಾರದ ಕಲಿಕೆಯಲ್ಲ.

‘ಶುದ್ಧ’ ಅಂದರೇನು ಅನ್ನುವುದನ್ನು ರೆಕಾರ್ಡಿಂಗ್ ಕೇಳುವ ಮೊದಲೇ ಬರೆದಿಟ್ಟುಕೋ, ಇಲ್ಲದಿದ್ದರೆ ನಿನ್ನ ಮೇಲೆ ನಿನಗೇ ದಯೆ ಬಂದುಬಿಡುತ್ತದೆ. ಸ್ವರ ಬಿಟ್ಟಿದ್ದರೆ, ಕ್ಲಿಕ್ಕಿಗಿಂತ ಮುಂದೆ ಓಡಿದ್ದರೆ, ತಂತಿ ‘ಝರ್’ ಅಂದಿದ್ದರೆ ಆ ಆವರ್ತ ಹೋಯಿತು. ಝರ್ ಅನ್ನುವುದು ಹೆಚ್ಚಾಗಿ ಬೆರಳು ಮೆಟ್ಟಿಲಿನಿಂದ ತುಂಬ ಹಿಂದೆ ಬಿದ್ದಾಗ, ಇಲ್ಲವೇ ಒತ್ತುವ ಮೊದಲೇ ಮೀಟಿದಾಗ. ಪಕ್ಕದಲ್ಲಿ ಸ್ವ, ತಾ, ಝ ಅಂತ ಗುರುತು ಹಾಕು. ಐದು ಶುದ್ಧ, ಉಳಿದ ಏಳರಲ್ಲಿ ಐದು ‘ತಾ’, ಅವೆಲ್ಲ ಎರಡನೇ ಕಾಲದವೇ ಅಂದುಕೋ. ಆಗ ಆ ವಾರದ ಕೆಲಸ ಹೊಸ ವರ್ಣವಲ್ಲ. ಎರಡನೇ ಕಾಲವನ್ನು 48ಕ್ಕೆ ಇಳಿಸಿ, ಮೂರು ಸಲ ಬೆನ್ನುಬೆನ್ನಿಗೆ ಶುದ್ಧ ಬಂದಮೇಲೆ ಮಾತ್ರ ನಾಲ್ಕು ಏರಿಸುವುದು. ನೀನು ಹೆಮ್ಮೆಯಿಂದ ಬರೆದಿರುವ ‘96ರಲ್ಲಿ ನುಡಿಸಿದೆ’ ಅನ್ನುವುದು ಒಮ್ಮೆ ಮುಟ್ಟಿ ಬಂದ ವೇಗ. ಬೆನ್ನುಬೆನ್ನಿಗೆ ಮೂರು ಸಲ ನಿಂತದ್ದೇ ನಿನ್ನ ವೇಗ.

ಇನ್ನೊಂದು ಅಳತೆ ಗಮಕಕ್ಕೆ. ಚತುಶ್ರುತಿ ರಿಷಭದ ಮೆಟ್ಟಿಲಿನಲ್ಲಿ ತಂತಿ ಎಳೆದು ಅಂತರ ಗಾಂಧಾರ ಮುಟ್ಟಬೇಕಲ್ಲ, ಅದು ಎರಡು ಮೆಟ್ಟಿಲಿನಷ್ಟು ದೂರ, ಟ್ಯೂನರ್ ಆ್ಯಪ್‌ನಲ್ಲಿ ಸುಮಾರು 200 ಸೆಂಟ್ಸ್. ಹತ್ತು ಸಲ ಎಳೆ, ಪ್ರತಿ ಸಲವೂ ಮೇಲೆ ಒಂದು ಗಳಿಗೆ ನಿಲ್ಲಿಸು. ನುಡಿಸುವಾಗ ಪರದೆ ನೋಡಬೇಡ, ನೋಡಿದರೆ ಕಿವಿಯ ಬದಲು ಕಣ್ಣು ಎಳೆಯುತ್ತದೆ. ಆಮೇಲೆ ರೆಕಾರ್ಡಿಂಗನ್ನು ಟ್ಯೂನರಿಗೆ ಕೇಳಿಸಿ, 10 ಸೆಂಟ್ಸ್ ಒಳಗೆ ಬಂದದ್ದು ಎಷ್ಟು ಅಂತ ಎಣಿಸು. ಹೋಲಿಸಬೇಕಾದ್ದು ಆ್ಯಪ್‌ನ ಸೊನ್ನೆಗಲ್ಲ, ನಿನ್ನದೇ ವೀಣೆಯ ಗಾಂಧಾರದ ಮೆಟ್ಟಿಲನ್ನು ನೇರವಾಗಿ ಒತ್ತಿದಾಗ ತೋರಿಸುವುದಕ್ಕೆ. ಆ್ಯಪ್ ಸಾಮಾನ್ಯವಾಗಿ ಕೀಬೋರ್ಡಿನ ಸಮಪಾಲು ಸ್ವರ ಇಟ್ಟುಕೊಂಡಿರುತ್ತದೆ. ತಂಬೂರಿಗೆ ಸೇರುವ ಅಂತರ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ಸ್ ಕೆಳಗೆ. ಇಷ್ಟರ ಮೇಲೆ, ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲೇ ಅಲುಗಿದರೆ ತಪ್ಪು ನಿನ್ನ ಬೆರಳಿನದಲ್ಲ. ತೆರೆದ ತಂತಿಯ ಷಡ್ಜವನ್ನೂ ಹನ್ನೆರಡನೇ ಮೆಟ್ಟಿಲಿನ ತಾರ ಷಡ್ಜವನ್ನೂ ಮೊದಲು ತಾಳೆ ನೋಡು, ಆಮೇಲೆ ಗಾಂಧಾರ.

ಒಂದು ವಾರ ಐದು, ಮರುವಾರ ನಾಲ್ಕು ಬಂದರೆ ಕಂಗಾಲಾಗಬೇಡ, ನಿದ್ದೆ ಕೆಟ್ಟರೂ ಅಷ್ಟು ಹೆಚ್ಚುಕಮ್ಮಿ ಆಗುತ್ತದೆ. ನಾಲ್ಕು ಭಾನುವಾರದ್ದನ್ನು ಕೂಡಿ ಹಿಂದಿನ ನಾಲ್ಕರ ಜೊತೆ ಇಟ್ಟು ನೋಡು. ಮತ್ತೆ, ಅದೇ ಆರು ಆವರ್ತ ಎರಡು ತಿಂಗಳು ಹಿಡಿದರೆ ಆ ಆರು ಮಾತ್ರ ಪಳಗುತ್ತವೆ. ಹಾಗಾಗಿ ಎರಡು ತಿಂಗಳಿಗೊಮ್ಮೆ, ನೀನು ‘ಪೂರ್ತಿ’ ಅಂದ ಹಳೆಯ ವರ್ಣವೊಂದನ್ನು ಚೀಟಿ ಎತ್ತಿ ಪರೀಕ್ಷೆಗೆ ಹಾಕು. ಐದರಲ್ಲಿ ಎಷ್ಟು ನಿಜವಾಗಿ ಉಳಿದಿವೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ರಾಗದ ಕಳೆ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. 12ಕ್ಕೆ 12 ಬಂದೂ ಮೋಹನ ಒಣಗಿದ ಹಾಗೆ ಕೇಳಬಹುದು. ಅದಕ್ಕೆ ತಿಂಗಳಿಗೊಮ್ಮೆ ಆ ರೆಕಾರ್ಡಿಂಗನ್ನು ಮೇಷ್ಟ್ರಿಗೇ ಕಳಿಸು, ಸಂಖ್ಯೆ ಹೇಳದೆ.

ಈ ಸಲ ಊರಿಗೆ ಬರುವಾಗ ವೀಣೆಯನ್ನು ಬಸ್ಸಿನ ಇಂಜಿನ್ ಪಕ್ಕ ಇಡಬೇಡ.

ಅಮ್ಮ