ಅಜ್ಜಿ ತೋಳಿಗೆ ಮಕ್ಕಳ ಟೇಪು ಸುತ್ತಿ ಗ್ರೀನ್ ಅಂತ ಬರೆದ್ರೆ ಹೆಂಗೆ ಸಾರ್?

ಮಂಡ್ಯ ಜಿಲ್ಲಾ ಪಂಚಾಯತಿ ಸಿಇಓ ಸಾಹೇಬ್ರಿಗೆ ನಮಸ್ಕಾರ.

ನಾನು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳೀಲಿ ಆಶಾ ಕಾರ್ಯಕರ್ತೆ. ಬರೋ ಗೌರವಧನದಲ್ಲಿ ಮನೆ ನಡೆಯಲ್ಲ ಅಂತ ಮನೇಲೇ ಬ್ಲೌಸ್ ಹೊಲೀತೀನಿ, ಹಂಗಾಗಿ ನನ್ ಬ್ಯಾಗಲ್ಲಿ ಯಾವಾಗ್ಲೂ ಎರಡು ಟೇಪು ಇರ್ತವೆ, ಒಂದು ಟೈಲರಿಂಗ್ ಟೇಪು, ಇನ್ನೊಂದು ಮಕ್ಕಳ ತೋಳಿನ ಸುತ್ತಳತೆ ನೋಡೋ, ಕೆಂಪು ಹಳದಿ ಹಸಿರು ಇರೋ ಮುವಾಕ್ ಟೇಪು. ಈ ಪತ್ರ ಆ ಎರಡನೇ ಟೇಪಿನ ಬಗ್ಗೆ.

ಹೋದ್ ತಿಂಗಳು ನಮ್ಮೂರಲ್ಲಿ ಒಂದು ಹೆಲ್ತ್ ಕ್ಯಾಂಪ್ ಆಯ್ತು. ಯಾರು ಮಾಡಿದ್ರು ಅಂತ ಹೇಳಲ್ಲ, ಅವ್ರ ಮೇಲೆ ದೂರು ಹೇಳೋಕೆ ಬರೀತಿಲ್ಲ. ಮಕ್ಕಳಿಗೆ ತೋಳು ಅಳೆದ್ರು, ಆಮೇಲೆ ಅದೇ ಟೇಪಲ್ಲಿ ಬಸುರಿ ಹೆಂಗಸರಿಗೂ ವಯಸ್ಸಾದವ್ರಿಗೂ ಅಳೆದು ರಿಜಿಸ್ಟರಲ್ಲಿ ಗ್ರೀನ್ ಗ್ರೀನ್ ಅಂತ ಬರ್ಕೊಂಡು ಹೋದ್ರು. ಸಾಯಂಕಾಲ ನಮ್ ಬೀದಿ ಅಜ್ಜಿ, ಎಪ್ಪತ್ತರ ಮೇಲಿರ್ಬೇಕು, ನಮ್ ಜಗುಲಿ ಮೇಲೆ ಕೂತ್ಕೊಂಡು "ಹಸಿರು ಬಂತಂತೆ ಕಣ್ಮಗ, ನಾನ್ ಗಟ್ಟಿಯಾಗಿವ್ನಂತೆ" ಅಂತ ನಗಾಡ್ತಿದ್ಲು. ನಾನು ಬ್ಲೌಸಿನ ತೋಳು ಹಿಡಿದು ನೋಡಿದ್ರೆ ಒಳಗೆ ನನ್ ಮೂರು ಬೆರಳು ಆಡ್ತಿತ್ತು. ಆ ಬ್ಲೌಸ್ ಹೊಲಿದವ್ಳು ನಾನೇ ಸಾರ್, ಅಷ್ಟು ಲೂಸ್ ನಾನ್ ಬಿಟ್ಟಿರಲಿಲ್ಲ.

ಅಳತೆ ಪುಸ್ತಕ ತೆಗೆದೆ. ಎರಡು ವರ್ಷದ ಹಿಂದೆ ಮೊಮ್ಮಗಳ ಮದ್ವೆಗೆ ಹೊಲಿದಾಗ ಅಜ್ಜಿ ತೋಳು ಮೈ ಅಳತೆ ಒಂಬತ್ತೂವರೆ ಇಂಚು, ಅಂದ್ರೆ 24.1 ಸೆಂ.ಮೀ. ಈಗ ಅಳೆದ್ರೆ ಎಂಟಿಂಚು ಒಂದು ಗೆರೆ, 20.6 ಸೆಂ.ಮೀ. ಮೂರೂವರೆ ಸೆಂಟಿಮೀಟರ್ ಹೋಗಿದೆ, ನೂರಕ್ಕೆ ಹದಿನಾಲ್ಕು ಭಾಗ. ಬ್ಲೌಸಿಗೆ ಅಳೆಯೋ ಜಾಗ ತೋಳಿನ ಸರಿಯಾದ ಮಧ್ಯಕ್ಕಿಂತ ಚೂರು ಆಚೀಚೆ ಇರುತ್ತೆ, ಅದು ನಿಜ, ಆದ್ರೂ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ ಅದರಿಂದ ಬರಲ್ಲ.

ಮತ್ತೆ ಗ್ರೀನ್ ಹೆಂಗೆ ಬಂತು ಅಂದ್ರೆ, ಆ ಬಣ್ಣ ಹಾಕಿರೋದು ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ. 11.5 ಸೆಂ.ಮೀ.ಗಿಂತ ಕಮ್ಮಿ ಇದ್ರೆ ಕೆಂಪು, ತೀವ್ರ ಅಪೌಷ್ಟಿಕತೆ, ಅಲ್ಲಿಂದ 12.5 ಮುಟ್ಟೋವರೆಗೂ ಹಳದಿ, 12.5 ಆದ್ಮೇಲೆ ಎಲ್ಲಾ ಹಸಿರು. ಒಂದು ವರ್ಷದ ಮಗೂಗೂ ನಾಲ್ಕು ವರ್ಷದ ಮಗೂಗೂ ಒಂದೇ ಗೆರೆ ಯಾಕೆ ನಡೆಯುತ್ತೆ ಅಂದ್ರೆ, ಒಂದರಿಂದ ಐದು ವರ್ಷದೊಳಗೆ ಮಗು ಸುಮಾರು 35 ಸೆಂ.ಮೀ. ಎತ್ತರ ಬೆಳೆದ್ರೂ ತೋಳಿನ ಸುತ್ತಳತೆ ಬೆಳೆಯೋದು ಸುಮಾರು ಎರಡೇ ಸೆಂ.ಮೀ. ಐದು ವರ್ಷ ದಾಟಿದ್ಮೇಲೆ ಆ ಲೆಕ್ಕ ಮುಗೀತು. ದೊಡ್ಡವ್ರ ತೋಳು 12.5ಕ್ಕೆ ಇಳಿಯೋ ಹೊತ್ತಿಗೆ ಜೀವ ಉಳಿಯೋದೇ ಕಷ್ಟ, ಅಂದ್ಮೇಲೆ ಆ ಟೇಪಲ್ಲಿ ದೊಡ್ಡವ್ರು ಹೆಚ್ಚುಕಮ್ಮಿ ಎಲ್ಲಾ ಗ್ರೀನೇ.

ದೊಡ್ಡವ್ರಿಗೆ ಬೇರೆ ಅಂಕಿ ಇದೆ. ಬಸುರಿ ಹೆಂಗಸರಲ್ಲಿ 23 ಸೆಂ.ಮೀ.ಗಿಂತ ಕಮ್ಮಿ ಇದ್ರೆ ಹುಷಾರಾಗಿ ನೋಡ್ಬೇಕು ಅಂತ ಸಾಮಾನ್ಯವಾಗಿ ಹೇಳ್ತಾರೆ. ಹೊಟ್ಟೆ ಬೆಳೆದು ತೂಕ ಏರಿದ್ರೂ ತೋಳು ಅಷ್ಟೇನೂ ಬದಲಾಗಲ್ಲ, ಅದೇ ಇದರ ಅನುಕೂಲ. ವಯಸ್ಸಾದವ್ರಿಗೆ ಎಲ್ರೂ ಒಪ್ಪಿರೋ ಒಂದೇ ಗೆರೆ ಅಂತ ಇಲ್ಲ. ಆದ್ರೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಳಸೋ 'ಮಸ್ಟ್' ಅನ್ನೋ ಪದ್ಧತೀಲಿ, ತೋಳು 23.5ಕ್ಕಿಂತ ಕಮ್ಮಿ ಇದ್ರೆ ಎತ್ತರಕ್ಕೆ ತಕ್ಕ ತೂಕ ಇದ್ಯಾ ಅಂತ ಹೇಳೋ ಬಿಎಂಐ 20ಕ್ಕಿಂತ ಕಮ್ಮಿ ಇರಬಹುದು ಅಂತಾರೆ, ತೋಳು ನೂರಕ್ಕೆ ಹತ್ತು ಭಾಗ ಇಳಿದಿದ್ರೆ ತೂಕವೂ ಹೆಚ್ಚುಕಮ್ಮಿ ಅಷ್ಟೇ ಇಳಿದಿರುತ್ತೆ ಅಂತಾರೆ. ನಮ್ ಅಜ್ಜಿ ಎರಡರಲ್ಲೂ ಸಿಕ್ಕಿಬೀಳ್ತಾಳೆ.

ಬಿಎಂಐನೇ ನೋಡಬಹುದಲ್ಲ ಅಂತ ನೀವು ಕೇಳಬಹುದು. ಅಜ್ಜಿ ಬೆನ್ನು ಬಗ್ಗಿದೆ ಸಾರ್, ಗೋಡೆಗೆ ನಿಲ್ಲಿಸಿದ್ರೆ ಎತ್ತರ ಕಮ್ಮಿ ಬರುತ್ತೆ, ಎತ್ತರ ಕಮ್ಮಿ ಆದ್ರೆ ಬಿಎಂಐ ಜಾಸ್ತಿ ತೋರಿಸುತ್ತೆ. ಕಾಲು ಊದಿದ್ರೆ ಆ ನೀರಿನ ತೂಕವೂ ಸೇರ್ಕೊಳ್ಳುತ್ತೆ. ಹಾಸಿಗೆ ಹಿಡಿದವ್ರನ್ನಂತೂ ಕೇಳೋದೇ ಬೇಡ. ತೋಳಿಗಾದ್ರೆ ಮಲಗಿದ್ರೂ ಟೇಪು ಹಾಕಬಹುದು.

ಅಳೆಯೋದರಲ್ಲೂ ಅವತ್ತು ಎಡವಟ್ಟಾಯ್ತು. ಬೆಳಗ್ಗೆ ಚಳಿ ಅಂತ ಒಂದು ಮಗೂಗೆ ಸ್ವೆಟರ್ ಮೇಲೇ ಸುತ್ತಿದ್ರು, 12.7 ಬಂತು, ಗ್ರೀನ್. ಅವರು ಹೋದ್ಮೇಲೆ ನಾನು ಸ್ವೆಟರ್ ಬಿಚ್ಚಿಸಿ ಅಳೆದ್ರೆ 12.2, ಹಳದಿ. ಐದೇ ಮಿಲಿಮೀಟರು ಸಾರ್, ಮಗು ಲಿಸ್ಟಿಂದ ಆಚೆಗೆ. ಎಡಗೈ ಬಟ್ಟೆ ಪೂರ್ತಿ ಬಿಚ್ಚಿ ಮೊಣಕೈ ಮಡಿಸ್ಬೇಕು, ಭುಜದ ತುದಿ ಮೂಳೆಯಿಂದ ಮೊಣಕೈ ತುದಿವರೆಗೂ ಅಳೆದು ಅರ್ಧಕ್ಕೆ ಪೆನ್ನಲ್ಲಿ ಗುರುತು ಹಾಕ್ಬೇಕು, ಅಜ್ಜಿಗೆ 31 ಬಂತು, ಹದಿನೈದೂವರೆಗೆ ಗುರುತು. ಆಮೇಲೆ ಕೈ ಕೆಳಗೆ ಇಳಿಬಿಡ್ಸಿ ಸುತ್ಬೇಕು, ಮಡಿಸಿದ್ ಕೈಗೇ ಸುತ್ತಿದ್ರೆ ಮಾಂಸ ಉಬ್ಬಿ ಜಾಸ್ತಿ ತೋರಿಸುತ್ತೆ. ಬಿಗಿಯಾಗಿ ಎಳೆದು ಚರ್ಮ ಸುಕ್ಕಾದ್ರೆ ಕಮ್ಮಿ, ಟೇಪಿನ ಕೆಳಗೆ ಸಂದಿ ಕಂಡ್ರೆ ಜಾಸ್ತಿ. ಇನ್ನೊಂದು ಟೈಲರ್ ಮಾತು, ಬಟ್ಟೆ ಟೇಪು ಹಳೇದಾದ್ರೆ ಹಿಗ್ಗುತ್ತೆ, ಹಿಗ್ಗಿದ ಟೇಪು ಇರೋದಕ್ಕಿಂತ ಕಮ್ಮಿ ತೋರಿಸುತ್ತೆ, ಆಗಾಗ ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ನೋಡ್ಬೇಕು.

ಟೇಪಿಗೆ ಎಲ್ಲಾ ಗೊತ್ತಾಗುತ್ತೆ ಅಂತ ನಾನೇನೂ ಹೇಳ್ತಿಲ್ಲ. ತೂಕ ಎತ್ತರ ನೋಡಿ ಸಿಗೋ ಮಕ್ಕಳು ಬೇರೆ, ತೋಳು ನೋಡಿ ಸಿಗೋ ಮಕ್ಕಳು ಎಷ್ಟೋ ಸಲ ಬೇರೆ, ಅದಕ್ಕೇ ಅಂಗನವಾಡಿ ತಕ್ಕಡಿ ಬಿಡೋ ಹಂಗಿಲ್ಲ. ಮಗೂನ ಎರಡೂ ಪಾದದ ಮೇಲೆ ಹೆಬ್ಬೆರಳಲ್ಲಿ ಮೂರು ಸೆಕೆಂಡ್ ಒತ್ತಿ ಬಿಟ್ಟಾಗ ಗುಳಿ ಹಂಗೇ ನಿಂತ್ರೆ ಟೇಪು ಏನೇ ಹೇಳಲಿ ಆಸ್ಪತ್ರೆಗೆ ಕಳಿಸ್ಲೇಬೇಕು. ಮತ್ತೆ ತೋಳು ಯಾಕೆ ಸಣ್ಣಗಾಯ್ತು ಅಂತ ಟೇಪು ಹೇಳಲ್ಲ. ಅಜ್ಜಿಗೆ ಹಲ್ಲಿಲ್ಲ, ಮುದ್ದೆ ನುಂಗ್ತಾಳೆ, ಅದಕ್ಕೇ ಇರ್ಬೇಕು ಅಂತ ಮನೆಯವ್ರು ಅಂದ್ಕೊಂಡಿದ್ರು. ನಾನು ಪಿಎಚ್‌ಸಿಗೆ ಕರ್ಕೊಂಡ್ ಹೋಗಿ ಟಿಬಿ ಇದ್ಯಾ ಅಂತ ಕಫ, ಮತ್ತೆ ಶುಗರ್ ಎರಡೂ ಟೆಸ್ಟ್ ಮಾಡ್ಸಿದೆ. ಕಫದಲ್ಲಿ ಏನೂ ಇಲ್ಲ, ಶುಗರ್ ಮುನ್ನೂರರ ಹತ್ರ ಇತ್ತು. ರಾತ್ರಿ ನಾಕೈದು ಸಲ ಎದ್ದು ಹೋಗ್ತಿದ್ಲಂತೆ, ವಯಸ್ಸಾಯ್ತಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಗ್ರೀನ್ ಅಂತ ನಂಬ್ಕೊಂಡಿದ್ರೆ ಇನ್ನೂ ಎಷ್ಟು ದಿನ ಹಂಗೇ ಇರ್ತಿದ್ಲೋ.

ಈಗ ನಾನ್ ಕೇಳೋದು. ರಿಜಿಸ್ಟರಲ್ಲಿ ಬಣ್ಣದ ಜೊತೆ ಅಂಕಿ ಬರೆಯೋಕೆ ಒಂದು ಕಾಲಂ ಕೊಡಿ. ದೊಡ್ಡವ್ರಿಗೆ ಬಣ್ಣ ಬರೆಯೋದೇ ಬೇಡ, ಅಂಕಿ ಮತ್ತೆ ತಾರೀಖು ಸಾಕು, ಆರು ತಿಂಗಳಿಗೊಂದ್ಸಲ ಅದೇ ಕೈಗೆ ಅಳೆದ್ರೆ ಇಳೀತಿದ್ಯಾ ಅಂತ ಪಕ್ಕದ ಸಾಲು ನೋಡಿದ್ರೇ ತಿಳಿಯುತ್ತೆ. ಬಸುರಿಯರಿಗೆ, ವಯಸ್ಸಾದವ್ರಿಗೆ ಎಷ್ಟಕ್ಕೆ ಕಮ್ಮಿ ಇದ್ರೆ ಪಿಎಚ್‌ಸಿಗೆ ಕಳಿಸ್ಬೇಕು ಅಂತ ಜಿಲ್ಲಾ ಆರೋಗ್ಯಾಧಿಕಾರಿಗಳ ಹತ್ರ ಕೇಳಿ ಒಂದು ಅಂಕಿ ಗೊತ್ತುಮಾಡಿ, ಲೆಟರ್ ಕಳಿಸಿ. ದೊಡ್ಡವ್ರ ಟೇಪಿಗೆ ಟೆಂಡರ್ ಏನೂ ಬೇಡ ಸಾರ್, ಟೈಲರಿಂಗ್ ಟೇಪು ಮಳವಳ್ಳಿ ಪೇಟೇಲಿ ಯಾವ ದಾರದಂಗಡಿಗೆ ಹೋದ್ರೂ ಸಿಗುತ್ತೆ.

ಕ್ಯಾಂಪಲ್ಲಿ ನಮ್ಮೂರಲ್ಲಿ ಗ್ರೀನ್ ಬರ್ಸ್ಕೊಂಡಿರೋ ದೊಡ್ಡವ್ರು ಇನ್ನೂ ನಲವತ್ತೊಂದು ಜನ ಇದ್ದಾರೆ. ಹನ್ನೆರಡು ಜನರ ಹಳೇ ತೋಳಳತೆ ನನ್ ಪುಸ್ತಕದಲ್ಲಿದೆ, ಅವ್ರನ್ನ ಈ ವಾರ ಅಳೀತೀನಿ. ಉಳಿದವ್ರ ಹಳೇ ಅಳತೆ ನನ್ ಹತ್ರ ಇಲ್ಲ, ಗಂಡಸ್ರು ಬ್ಲೌಸ್ ಹೊಲ್ಸಲ್ವಲ್ಲ.

ಇತಿ,
ಮಳವಳ್ಳಿ ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆ