ಬಡ್ತಿಯ ಸುದ್ದಿ, ಮತ್ತೆ ಅಪ್ಪನ ಉಸಿರಿನ ವಿಚಾರ

ಪ್ರೀತಿಯ ಅಣ್ಣನಿಗೆ,

ನಾನು ಇಲ್ಲಿ ಕ್ಷೇಮ. ಅಲ್ಲೂ ಎಲ್ಲರೂ ಕ್ಷೇಮ ಅಂದುಕೊಂಡಿದ್ದೆ, ನಿನ್ನ ಪತ್ರ ಬರುವವರೆಗೆ. ಅತ್ತಿಗೆಯ ಕೆಲಸ, ಚಿನ್ನುವಿನ ಪರೀಕ್ಷೆ, ಮನೆಯ ಬಣ್ಣ ಎಲ್ಲ ಬರೆದು ಕೊನೆಯ ಸಾಲಿನಲ್ಲಿ ಸುಮ್ನೆ ಅನ್ನುವ ಹಾಗೆ "ಅಪ್ಪನಿಗೆ ರಾತ್ರಿ ಒಂದು ದಿಂಬು ಸಾಲುವುದಿಲ್ಲ, ಮೂರು ಬೇಕು, ಆದರೆ ಬೆರಳಿಗೆ ಹಾಕುವ ಮೆಷಿನ್ 95 ತೋರಿಸುತ್ತೆ, ಚಿಂತೆ ಇಲ್ಲ" ಅಂತ ಬರೆದಿದ್ದೀಯ. ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು ಮಾರಾಯ. ಫೋನಿನಲ್ಲಿ ಮಾತಾಡೋಣ ಅಂದರೆ ಅಪ್ಪ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಪತ್ರ. ಮೊದಲ ಅರ್ಧ ಎಲ್ಲರಿಗೂ ಓದಿ ಹೇಳು, ಆಮೇಲಿನದು ನಿನಗೆ ಮಾತ್ರ.

ಸುದ್ದಿ ಏನಂದರೆ, ನನಗೆ ಬಡ್ತಿ ಸಿಕ್ಕಿದೆ. ಇಲ್ಲಿ ಬ್ರಿಟನ್ನಿನಲ್ಲಿ ನಮ್ಮಂಥ ನರ್ಸುಗಳ ದರ್ಜೆಗೆ ಬ್ಯಾಂಡ್ ಅನ್ನುತ್ತಾರಲ್ಲ, ಬ್ಯಾಂಡ್ 5ರಿಂದ ಬ್ಯಾಂಡ್ 6. ಅದೇ ಸರ್ಜರಿ ವಾರ್ಡು, ಅದೇ ಹಾಸಿಗೆಗಳು, ಸಂಬಳ ಸ್ವಲ್ಪ ಜಾಸ್ತಿ, ಬಟ್ಟೆಯ ಬಣ್ಣ ಬೇರೆ. ದೊಡ್ಡದಾಗಿ ಊರಿಗೆಲ್ಲ ಹೇಳಬೇಡ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡು ನನ್ನ ಜವಾಬ್ದಾರಿ, ಏನಾದರೂ ಆದರೆ ಮೊದಲು ನನ್ನನ್ನು ಕೇಳುತ್ತಾರೆ ಅನ್ನುವುದೊಂದೇ ವ್ಯತ್ಯಾಸ. "ಇಷ್ಟು ವರ್ಷ ಆಯ್ತಲ್ಲ, ಅವರಾಗೇ ಕೊಟ್ಟಿರ್ತಾರೆ" ಅಂತ ಅಮ್ಮ ಹೇಳುತ್ತಾಳೆ, ಗೊತ್ತು. ಇಲ್ಲಿ ಹಾಗಿಲ್ಲ. ಜಾಗ ಖಾಲಿ ಆದಾಗ ನಾವೇ ಅರ್ಜಿ ಹಾಕಬೇಕು. ದಿನಾ ಜೊತೆಗೆ ಕೆಲಸ ಮಾಡುವವರೇ ಮೇಜಿನ ಆಚೆ ಕೂತು, ನಮ್ಮ ಪರಿಚಯವೇ ಇಲ್ಲದವರ ಹಾಗೆ ಮುಖ ಮಾಡಿಕೊಂಡು ಪ್ರಶ್ನೆ ಕೇಳುತ್ತಾರೆ. ಸಂದರ್ಶನ ಮುಗಿದ ಮೇಲೆ ಅವರ ಜೊತೆಗೇ ವಾಪಸ್ ವಾರ್ಡಿಗೆ ನಡೆದು ಬಂದೆ. ನಗು ಬಂತು.

ಇನ್ನೊಂದು ತಮಾಷೆ ಅಮ್ಮನಿಗೆ ಹೇಳು. ನೀನು ಕೊಟ್ಟ ವಾಚನ್ನು ಇಲ್ಲಿ ಕಟ್ಟುವ ಹಾಗಿಲ್ಲ, ಅಮ್ಮ ಕೊಟ್ಟ ಬಳೆಯನ್ನೂ ಹಾಕುವ ಹಾಗಿಲ್ಲ. ರೋಗಿಗಳ ಹತ್ತಿರ ಕೆಲಸ ಮಾಡುವಾಗ ಮೊಣಕೈಯಿಂದ ಕೆಳಗೆ ಏನೂ ಇರಬಾರದು, ಕೈ ಸರಿಯಾಗಿ ತೊಳೆಯಲಿ ಅಂತ. ಹಾಗಾಗಿ ನಾವು ಗಡಿಯಾರವನ್ನು ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುತ್ತೇವೆ. ಎತ್ತಿ ನೋಡಿದರೆ ನಮಗೆ ನೇರ ಕಾಣುತ್ತದೆ. ಮೊದಮೊದಲು ಸರ್ಕಸ್ಸಿನವರ ಹಾಗೆ ಅನ್ನಿಸುತ್ತಿತ್ತು. ಈಗ ಅದಿಲ್ಲದೆ ಕೆಲಸವೇ ಸಾಗುವುದಿಲ್ಲ.

ಆ ಗಡಿಯಾರವನ್ನು ಹೇಗೆ ಬಳಸಬೇಕು ಅಂತ ಕಲಿಸಿದವರು ನಮ್ಮ ಹಿರಿಯ ಸಿಸ್ಟರ್. ಬಡ್ತಿ ಸಿಕ್ಕಿದವರು ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಬರೆಯುವುದು ಇಲ್ಲಿ ರೂಢಿ. ನಾನು ಬರೆದದ್ದು ಇಷ್ಟೇ: "ನನಗೆ ಬ್ಯಾಂಡ್ 6 ಸಿಕ್ಕಿದೆ. ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ಅವತ್ತು ಕಿಟಕಿ ಪಕ್ಕದ ಹಾಸಿಗೆಯ ಹತ್ತಿರ ನನ್ನನ್ನು ಒಂದು ನಿಮಿಷ ನಿಲ್ಲಿಸಿಕೊಂಡಿರಲ್ಲ, ಅದಕ್ಕೆ ಬೇರೆ ಥ್ಯಾಂಕ್ಸ್." ಬೇರೆಯವರಿಗೆ ಅರ್ಥ ಆಗಲಿಲ್ಲ. ನಿನಗೆ ಪೂರ್ತಿ ಹೇಳುತ್ತೇನೆ, ಯಾಕಂದರೆ ಅದು ಅಪ್ಪನಿಗೂ ಬೇಕಾದ ವಿಷಯ.

ನಾನು ಆಗ ಹೊಸಬಳು. ಕರುಳಿನ ಒಂದು ತುಂಡು ತೆಗೆದು, ಎರಡು ತುದಿ ಸೇರಿಸಿ ಹೊಲಿದ ಆಪರೇಷನ್ ಆಗಿದ್ದ ಒಬ್ಬ ಅಜ್ಜ ಕಿಟಕಿ ಪಕ್ಕ ಇದ್ದರು. ಆಪರೇಷನ್ ಆಗಿ ಮೂರನೇ ದಿನ. ಇಲ್ಲಿ ಪ್ರತಿ ರೋಗಿಗೂ ಒಂದು ಚಾರ್ಟ್ ಇರುತ್ತದೆ, ನ್ಯೂಸ್ ಅಂತ ಕರೆಯುತ್ತಾರೆ. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಎಚ್ಚರ, ಜ್ವರ, ಒಂದೊಂದಕ್ಕೂ ಅಂಕ. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದರೆ ಖುಷಿ, ಇಲ್ಲಿ ಜಾಸ್ತಿ ಬಂದಷ್ಟೂ ಅಪಾಯ. ಒಟ್ಟು 5 ಮುಟ್ಟಿದರೆ ಬೇಗ ಡಾಕ್ಟರ್ ಬರಬೇಕು, 7 ಆದರೆ ತುರ್ತು ತಂಡವನ್ನೇ ಕರೆಯಬೇಕು.

ಅಜ್ಜನ ಅಂಕ 4 ಇತ್ತು. ಮೂಗಿಗೆ ಆಕ್ಸಿಜನ್ ಕೊಟ್ಟಿದ್ದಕ್ಕೆ 2, ನಾಡಿ 104 ಇದ್ದದ್ದಕ್ಕೆ 1, ಜ್ವರ 38.2 ಡಿಗ್ರಿ ಇದ್ದದ್ದಕ್ಕೆ 1. ಬಿಪಿ 118, ಆಕ್ಸಿಜನ್ 96, ಎರಡಕ್ಕೂ ಸೊನ್ನೆ. ಉಸಿರು ನಿಮಿಷಕ್ಕೆ 16, ಅದಕ್ಕೂ ಸೊನ್ನೆ. ಮಾತಾಡುತ್ತಿದ್ದರು, ನಗುತ್ತಿದ್ದರು. ನೋಡಿದವರಿಗೆ ಪರವಾಗಿಲ್ಲ ಅನ್ನಿಸುವಂಥ ರೋಗಿ.

ಸಿಸ್ಟರ್ ಚಾರ್ಟಿನ ಉಸಿರಿನ ಸಾಲಿನ ಮೇಲೆ ಬೆರಳಿಟ್ಟರು. ಬೆಳಗ್ಗೆ 16, ಮಧ್ಯಾಹ್ನ 16, ಸಂಜೆ 16. "ಬದುಕಿರೋ ಮನುಷ್ಯ ಇಡೀ ದಿನ ಒಂದೇ ಲೆಕ್ಕದಲ್ಲಿ ಉಸಿರಾಡ್ತಾನಾ?" ಅಂತ ನನ್ನನ್ನು ಕೇಳಿದರು, ಅದೂ ಮೆಲ್ಲಗೆ. ಬರೆದವರು ಯಾರು ಅಂತ ಕೇಳಲಿಲ್ಲ, ಯಾರನ್ನೂ ಬೈಯಲಿಲ್ಲ. ಬಿಪಿ, ನಾಡಿ, ಆಕ್ಸಿಜನ್ ಎಲ್ಲವನ್ನೂ ಮೆಷಿನ್ ಹೇಳುತ್ತದೆ. ಉಸಿರನ್ನು ಮಾತ್ರ ಮನುಷ್ಯರೇ ನಿಂತು ಎಣಿಸಬೇಕು, ಗಡಿಬಿಡಿಯಲ್ಲಿ ಎಲ್ಲ ಕಡೆ ಅದೇ ತಪ್ಪುವುದು.

ಆಮೇಲೆ ಅಜ್ಜನ ಹತ್ತಿರ ಹೋಗಿ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದರು. ಉಸಿರು ಎಣಿಸುತ್ತೇನೆ ಅಂತ ಹೇಳಲಿಲ್ಲ. ಹೇಳಿದರೆ ಯಾರಾದರೂ ಉಸಿರನ್ನು ಬದಲಾಯಿಸಿಬಿಡುತ್ತಾರೆ, ನೀನೂ ಅಷ್ಟೇ, ನಾನೂ ಅಷ್ಟೇ. ಕಣ್ಣು ಹೊದಿಕೆಯ ಒಂದು ಮಡಿಕೆಯ ಮೇಲೆ, ಅದು ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡು. ನನಗೂ ಹಾಗೇ ಮಾಡು ಅಂತ ಕಣ್ಸನ್ನೆ ಮಾಡಿದರು. ಗೊಣಗಿಕೊಂಡೇ ನಿಂತೆ, ಬೇರೆ ನಾಲ್ಕು ಕಡೆ ಬೆಲ್ ಹೊಡೆಯುತ್ತಿತ್ತು. ಅವರ ಲೆಕ್ಕ 28. ನನ್ನದೂ 28.

ಉಸಿರು 25 ಅಥವಾ ಮೇಲೆ ಇದ್ದರೆ ಅದೊಂದಕ್ಕೇ 3 ಅಂಕ. 4 ಇದ್ದದ್ದು ಅಲ್ಲೇ 7 ಆಯಿತು. ಸಿಸ್ಟರ್ ಅಲ್ಲಿಂದಲೇ ತುರ್ತು ತಂಡವನ್ನು ಕರೆದರು. ರಕ್ತ ಪರೀಕ್ಷೆ, ಸಿಟಿ ಸ್ಕ್ಯಾನ್ ಎಲ್ಲ ಆಯಿತು. ಕರುಳು ಸೇರಿಸಿದ ಜಾಗದಲ್ಲಿ ಸೋರುತ್ತಿತ್ತು, ಹೊಟ್ಟೆಯೊಳಗೆ ಸೋಂಕು. ಅವತ್ತೇ ರಾತ್ರಿ ಮತ್ತೆ ಆಪರೇಷನ್. ಕೆಲವು ದಿನ ಐಸಿಯುನಲ್ಲಿದ್ದು, ಆಮೇಲೆ ನಡೆದುಕೊಂಡೇ ಮನೆಗೆ ಹೋದರು.

ಹಾಗಾದರೆ ಆಕ್ಸಿಜನ್ 96 ಹೇಗೆ ಇತ್ತು ಅಂತ ಆಮೇಲೆ ಕೇಳಿದೆ. ಸೋಂಕು ಜೋರಾದಾಗ ರಕ್ತದಲ್ಲಿ ಆಮ್ಲ ಏರುತ್ತದೆ, ಅದನ್ನು ಹೊರಹಾಕಲು ದೇಹ ಬೇಗ ಬೇಗ ಉಸಿರಾಡುತ್ತದೆ. ಹಾಗೆ ದುಡಿಯುವಷ್ಟು ಹೊತ್ತು ಆಕ್ಸಿಜನ್ ಚೆನ್ನಾಗೇ ಕಾಣುತ್ತದೆ, ಜೊತೆಗೆ ಮೂಗಿಗೆ ಬೇರೆ ಕೊಟ್ಟಿರುತ್ತೇವೆ. "ನಂಬರ್ ಚೆನ್ನಾಗಿದೆ ಅಂದರೆ ಸಾಲದು, ಅದನ್ನು ಉಳಿಸಿಕೊಳ್ಳೋಕೆ ಆತ ಎಷ್ಟು ಕಷ್ಟ ಪಡ್ತಿದ್ದಾನೆ ನೋಡು" ಅಂದರು. ಸಂದರ್ಶನದಲ್ಲಿ ಹದಗೆಡುತ್ತಿರುವ ರೋಗಿಯನ್ನು ಹೇಗೆ ಗುರುತಿಸುತ್ತೀಯ ಅಂತ ಕೇಳಿದಾಗ ನಾನು ಹೇಳಿದ್ದು ಇದನ್ನೇ. ಅವರಿಂದ ಕಲಿತದ್ದು ಅಂತಲೂ ಹೇಳಿದೆ, ಇಲ್ಲದಿದ್ದರೆ ಸುಳ್ಳಾಗುತ್ತಿತ್ತು.

ಥ್ಯಾಂಕ್ಸ್ ಹೇಳಲು ಖುದ್ದಾಗಿಯೂ ಹೋಗಿದ್ದೆ. ಅವರು ಔಷಧಿ ಟ್ರಾಲಿಗೆ ಬೀಗ ಹಾಕುತ್ತಾ "ಸರಿ ಸರಿ, ಹಾಗಾದ್ರೆ ಮುಂದಿನ ತಿಂಗಳ ಡ್ಯೂಟಿ ಪಟ್ಟಿ ನೀನೇ ಹಾಕು" ಅಂದರು. ಎಲ್ಲರ ರಜೆ ಹೊಂದಿಸುವ ಆ ತಲೆನೋವು ಈಗ ನನ್ನ ಪಾಲಿಗೆ.

ಅಣ್ಣಾ, ಇಲ್ಲಿಂದ ಗಟ್ಟಿಯಾಗಿ ಓದಬೇಡ.

ಅಪ್ಪ ಮಲಗಿ ನಿದ್ದೆ ಹತ್ತಿದ ಮೇಲೆ, ಇಲ್ಲಾ ಪೇಪರ್ ಓದುತ್ತಾ ಸುಮ್ಮನೆ ಕೂತಿದ್ದಾಗ, ಅವರಿಗೆ ಗೊತ್ತಾಗದ ಹಾಗೆ ಎಣಿಸು. ಮೆಟ್ಟಿಲು ಹತ್ತಿ ಬಂದ ತಕ್ಷಣ ಬೇಡ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡ, ಒಂದು ಉಸಿರು ತಪ್ಪಿದರೆ ನಾಲ್ಕು ತಪ್ಪುತ್ತದೆ. ಸುಮ್ಮನಿದ್ದಾಗ 12ರಿಂದ 20 ಇದ್ದರೆ ಸರಿ. 20 ದಾಟಿದರೆ ನಾಳೆ ನಾಡಿದ್ದು ಅನ್ನದೆ ಡಾಕ್ಟರಿಗೆ ಹೇಳು. 25 ದಾಟಿದರೆ, ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ಎದೆ ನೋವು ಅಂದರೆ, ತುಟಿ ನೀಲಿ ಕಂಡರೆ, ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ.

ಲೆಕ್ಕ ಸರಿ ಬಂತು ಅಂತ ಸುಮ್ಮನಾಗಬೇಡ. ನನಗೆ ಯೋಚನೆ ಇರುವುದು ದಿಂಬಿನದ್ದು. ಮಲಗಿದಾಗ ಕಾಲಿನ ಕಡೆಯ ರಕ್ತ ಎದೆಗೆ ವಾಪಸ್ ಬರುತ್ತದೆ. ಹೃದಯಕ್ಕೆ ಅದನ್ನು ತಳ್ಳುವ ಶಕ್ತಿ ಸಾಲದಿದ್ದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ಆಗ ತಲೆ ಎತ್ತರ ಇಟ್ಟರೇ ಸಮಾಧಾನ. ಅಪ್ಪನಿಗೆ ಅದೇ ಅಂತ ನಾನು ಹೇಳುತ್ತಿಲ್ಲ, ಇಷ್ಟು ದೂರದಿಂದ ಹೇಳುವ ಹಾಗೂ ಇಲ್ಲ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿ. ಬಿಟ್ಟ ಮೇಲೆ ಗುಳಿ ಹಾಗೇ ಉಳಿದರೆ ಬಾವು ಅಂತ ಲೆಕ್ಕ. ಬೆಳಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ತೂಕ ನೋಡಿ ಬರೆದಿಡು. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಏನೂ ಕಾಣದಿದ್ದರೂ ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. "ಚಪ್ಪಟೆ ಮಲಗೋಕೆ ಆಗಲ್ಲ, ಮೂರು ದಿಂಬು ಬೇಕು" ಅನ್ನುವುದನ್ನು ಬಾಯಿಬಿಟ್ಟು ಹೇಳು. ಅಪ್ಪ ಅಲ್ಲಿ ಹೋಗಿ "ಎಲ್ಲ ಆರಾಮ" ಅಂದುಬಿಡುತ್ತಾರೆ. ಇಸಿಜಿ, ಎಕೋ ಮಾಡಿಸಬೇಕಾ ಅಂತ ನೀನೇ ಕೇಳು. ಮಾತ್ರೆ ನೀವಾಗೇ ನಿಲ್ಲಿಸುವುದು, ಜಾಸ್ತಿ ಮಾಡುವುದು ಬೇಡ.

ಹೆದರಬೇಡ. ಅಮ್ಮನಿಗೆ ಹೆದರಿಸಬೇಡ. ಇಂಥವಕ್ಕೆ ಒಳ್ಳೆ ಔಷಧಿಗಳಿವೆ, ಬೇಗ ತೋರಿಸಿದರೆ ಸಾಕು. ನಾನಂತೂ ಏನೂ ಹೆದರಿಲ್ಲ, ನಿದ್ದೆ ಚೆನ್ನಾಗಿ ಬರುತ್ತಿದೆ, ಊಟ ಚೆನ್ನಾಗಿ ಮಾಡುತ್ತಿದ್ದೇನೆ, ಚಳಿ ಅಭ್ಯಾಸ ಆಗಿದೆ, ನನ್ನ ಬಗ್ಗೆ ಯೋಚನೆಯೇ ಬೇಡ. ಖರ್ಚಿನ ಬಗ್ಗೆಯೂ ಬೇಡ, ಹಣ ಕಳಿಸುತ್ತೇನೆ. ಬೇಕಾದರೆ ರಜೆ ಹಾಕಿ ಬರುತ್ತೇನೆ, ಈಗ ಪಟ್ಟಿ ಹಾಕುವವಳೂ ನಾನೇ ಅಲ್ವಾ.

ರಾತ್ರಿ ಪಾಳಿಗೆ ಹೊತ್ತಾಯಿತು, ಬಸ್ಸು ಬರುವ ಸಮಯ. ಇವತ್ತು ರಾತ್ರಿ ಎಣಿಸಿ ನಂಬರ್ ವಾಟ್ಸಾಪ್ ಮಾಡು, ಎಷ್ಟೇ ಹೊತ್ತಾದರೂ ಸರಿ. ಅತ್ತಿಗೆಗೆ ನಮಸ್ಕಾರ, ಚಿನ್ನುವಿಗೆ ಮುತ್ತು.

ನಿನ್ನ ತಂಗಿ