ಟೊಮೆಟೊ ಬಾಕ್ಸಿನ ಲೆಕ್ಕ, ಒಂದು ಖಾಲಿ ಚೌಕ

ಪ್ರಿಯ ಗೆಳೆಯ,

ಆರನೇ ತರಗತಿಗೆ ಚರಾಕ್ಷರ ಶುರುಮಾಡೋಕೆ ಒಂದು ಕಥೆ ಬೇಕು ಅಂದಿದ್ದೆಯಲ್ಲ, ಬರೆದು ಕಳಿಸ್ತಿದ್ದೀನಿ. ಕೋಲಾರದ ಮಕ್ಕಳಿಗೆ ಟೊಮೆಟೊ ಮಂಡಿಗಿಂತ ಹತ್ತಿರದ ಲೆಕ್ಕ ಇನ್ನೊಂದಿಲ್ಲ, ಹಾಗಾಗಿ ಅದನ್ನೇ ಹಿಡಿದೆ. ಕಥೆಯಲ್ಲಿ ಎಲ್ಲೂ "x ಎಷ್ಟು, ಕಂಡುಹಿಡಿ" ಅಂತ ಬರೋದಿಲ್ಲ. ಅದು ಬೇಕಂತಲೇ ಮಾಡಿದ್ದು. ಸಮೀಕರಣದಿಂದ ಶುರುಮಾಡಿದರೆ ಅಕ್ಷರ ಅಂದ್ರೆ ಮೇಷ್ಟ್ರು ಬಚ್ಚಿಟ್ಟ ಒಂದೇ ಒಂದು ಸಂಖ್ಯೆ ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತೆ. ದಿನಕ್ಕೊಂದು ಬೆಲೆ ತೆಗೆದುಕೊಳ್ಳೋದೂ ಅದೇ ಅಕ್ಷರ ಅಂತ ಆಮೇಲೆ ಹೇಳಿದರೆ ಒಪ್ಪೋದೇ ಇಲ್ಲ.

ಕಥೆ ಇದು.

ಊರ ಬಾಗಿಲಲ್ಲಿ ಶೆಟ್ಟರ ಅಂಗಡಿ. ಶೆಟ್ಟರು ನಸುಕಿಗೇ ಕೋಲಾರದ ಮಂಡಿಗೆ ಹೋಗಿ, ಹರಾಜಿನಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ ಟೊಮೆಟೊ ಹಿಡಿದು ಆಟೊಗೆ ಹಾಕಿ ಕಳಿಸ್ತಾರೆ. ಆಟೊ ಬಾಡಿಗೆ 60 ರೂಪಾಯಿ. ಬಾಕ್ಸಿನ ತಳದಲ್ಲಿ ಒಂದು ಕೆ.ಜಿ. ಕೊಳೆತಿರುತ್ತೆ ಅಂತ ಲೆಕ್ಕ, ಹಾಗಾಗಿ ಮಾರಾಟಕ್ಕೆ ಸಿಗೋದು 14. ಬಾಕ್ಸಿಗೆ 80 ರೂಪಾಯಿ ಉಳಿದರೆ ಸಾಕು ಅನ್ನೋದು ಶೆಟ್ಟರ ನಿಯಮ. ಅಂಗಡಿಯಲ್ಲಿ ಕೂರೋದು ಶೆಟ್ಟರ ಮನೆಯವರು, ಮಕ್ಕಳ ಬಾಯಲ್ಲಿ ಅಜ್ಜಿ. ಲೆಕ್ಕದ ಪುಸ್ತಕ ಬರೆಯೋದು ಮಂಜುಳ ಮತ್ತು ಅವಳ ತಮ್ಮ ಕಿಟ್ಟಿ.

ಸೋಮವಾರ ಶಾಲೆಗೆ ರಜೆ. ಬಾಕ್ಸ್ 280ಕ್ಕೆ ಬಂತು. ಮಂಜುಳ ಬಾಡಿಗೆ 60, ಉಳಿಕೆ 80 ಸೇರಿಸಿ 420 ಮಾಡಿದಳು, 14ರಿಂದ ಭಾಗಿಸಿದಳು, ಕೆ.ಜಿ.ಗೆ 30 ಅಂತ ಹಲಗೆ ಮೇಲೆ ಬರೆದಳು. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದಾಗ ಖರ್ಚು ಕಳೆದು ಸರಿಯಾಗಿ 80 ಉಳಿದಿತ್ತು.

ಮಂಗಳವಾರ ಶಾಲೆ ಇದೆ. ಮಕ್ಕಳು ಎಂಟೂವರೆಗೆ ಹೊರಡಬೇಕು, ಶೆಟ್ಟರ ಫೋನ್ ಬರೋದು ಒಂಬತ್ತಕ್ಕೆ. "ಎಷ್ಟಕ್ಕೆ ಮಾರ್ಲಿ, ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗಮ್ಮ" ಅಂದ್ರು ಅಜ್ಜಿ. ಕಿಟ್ಟಿ ನಿನ್ನೆಯದನ್ನೇ ಇಳಿಸಿದ: *280ಕ್ಕೆ 140 ಕೂಡಿಸಿ, 14ರಿಂದ ಭಾಗಿಸಿ.* ಆವತ್ತು ಬಾಕ್ಸ್ ಬಂದಿದ್ದು 350ಕ್ಕೆ. ಅಜ್ಜಿ ಚೀಟಿಯಲ್ಲಿದ್ದ ಹಾಗೇ ಮಾಡಿ 30ಕ್ಕೇ ಮಾರಿದರು. ಸಂಜೆ ಬಂದ 420ರಲ್ಲಿ ಬಾಕ್ಸಿಗೂ ಆಟೊಗೂ 410 ಹೋಗಿ ಉಳಿದದ್ದು 10 ರೂಪಾಯಿ.

"ನೀವು 350 ಹಾಕ್ಕೋಬೇಕಿತ್ತು ಅಜ್ಜಿ" ಅಂದ ಕಿಟ್ಟಿ.

"ನೀನು 280 ಅಂತ ಬರೆದಿದ್ದೆಯಲ್ಲಪ್ಪ. ನಾಳೆ ಎಷ್ಟಿರುತ್ತೋ ಯಾರಿಗೆ ಗೊತ್ತು?"

ಮಂಜುಳ ಹೊಸ ಚೀಟಿ ತಗೊಂಡಳು. 280 ಇದ್ದ ಜಾಗದಲ್ಲಿ ಕೆಂಪು ಪೆನ್ನಿನಿಂದ ಒಂದು ಖಾಲಿ ಚೌಕ ಎಳೆದಳು. "ಮಂಡಿಯಿಂದ ಹೇಳಿದ ಬೆಲೆ ಇದರೊಳಗೆ ಬರೀರಿ ಅಜ್ಜಿ. ಮಿಕ್ಕಿದ್ದು ಯಾವುದೂ ಬದಲಾಗಲ್ಲ." ಬುಧವಾರ 420 ಬಂತು, ಕೆ.ಜಿ.ಗೆ 40. ಗುರುವಾರ 210, ಕೆ.ಜಿ.ಗೆ 25. ದಿನಾ ಸಂಜೆ ಉಳಿಕೆ 80. ಚೌಕದ ಬದಲು ಬೆಲೆಗೆ 'ಬ' ಅಂತ ಬರೆದರೂ ಅದೇ ಅಲ್ವಾ ಅಂತ ಶುಕ್ರವಾರ ಹೊಳೆದದ್ದು ಕಿಟ್ಟಿಗೆ. ಚೀಟಿ ಹೀಗಾಯ್ತು:

```
ಕೆ.ಜಿ. ದರ = (ಬ + 140) ÷ 14
```

ಕಥೆ ಇಲ್ಲಿಗೆ ಅರ್ಧ. ಓದೋದನ್ನು ಇಲ್ಲಿ ನಿಲ್ಲಿಸಿ, ಮಕ್ಕಳ ಕೈಲೇ ನಾಲ್ಕು ದಿನದ ಸಾಲು ಬರೆಸು. ಬೆಲೆಗಳನ್ನು ಮಾತ್ರ ನೀನೇ ಆರಿಸಿಕೊಡು: 210, 280, 350, 420, 490. ಇವುಗಳಲ್ಲಿ ದರ ಚಿಲ್ಲರೆ ಇಲ್ಲದೆ ಬರುತ್ತೆ. 300 ಕೊಟ್ಟೆಯೋ, ದರ 31 ರೂಪಾಯಿ 43 ಪೈಸೆ ಆಗುತ್ತೆ. ಮಕ್ಕಳು ಅದನ್ನು 32 ಮಾಡ್ತಾರೆ, ಉಳಿಕೆ 88 ಬರುತ್ತೆ, ಮುಂದೆ ತೋರಿಸಬೇಕಾದ ವಿಷಯವೇ ಮುಚ್ಚಿಹೋಗುತ್ತೆ.

ಅಕ್ಷರಕ್ಕೂ ಅವಸರ ಪಡಬೇಡ. 12ನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಅವ್ಯಕ್ತ ಸಂಖ್ಯೆಗಳಿಗೆ ಕಾಲಕ, ನೀಲಕ, ಪೀತಕ ಅಂತ ಬಣ್ಣದ ಹೆಸರುಗಳನ್ನೇ ಬಳಸಿದ್ದಾರೆ. ಮಂಜುಳಳ ಕೆಂಪು ಚೌಕ ಎರಡು ಪಿರಿಯಡ್ ಇದ್ದರೂ ನಷ್ಟವಿಲ್ಲ.

ಅಕ್ಷರ ಬಂದಾಗ ಆಗೋ ದೊಡ್ಡ ಎಡವಟ್ಟು ಒಂದಿದೆ. ಕೆಲವು ಮಕ್ಕಳು 'ಬ' ಬದಲು ಟೊಮೆಟೊಗೆ 'ಟ' ಹಾಕ್ತಾರೆ. ನೋಡೋಕೆ ತಪ್ಪೇನಿಲ್ಲ. ಆದರೆ 'ಟ' ಅಂದ್ರೇನು ಅಂತ ಕೇಳು. "ಟೊಮೆಟೊ" ಅಂದರೆ ಆ ಮಗುವಿಗೆ ಅದು ವಸ್ತು, ಸಂಖ್ಯೆಯಲ್ಲ. ಟೊಮೆಟೊಗೆ 140 ರೂಪಾಯಿ ಕೂಡಿಸೋಕೆ ಆಗುತ್ತಾ? ಇದೇ ಮಗು ಮುಂದೆ 5ಟ ಅಂದ್ರೆ ಐದು ಟೊಮೆಟೊ ಅನ್ನುತ್ತೆ, ಏಳನೇ ತರಗತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೇ ಪುಸ್ತಕದ ಮೊದಲ ಪುಟದಲ್ಲಿ ಇಡೀ ವಾಕ್ಯ ಬರೆಸು: "ಬ ಎಂದರೆ ಒಂದು ಬಾಕ್ಸಿನ ಅಂದಿನ ಬೆಲೆ, ರೂಪಾಯಿಗಳಲ್ಲಿ." 'ಒಂದು ಬಾಕ್ಸ್', 'ಅಂದಿನ', 'ರೂಪಾಯಿ', ಮೂರರಲ್ಲಿ ಒಂದು ಬಿಟ್ಟರೂ ವಾಪಸ್ ಕೊಡು.

ಈಗ ಮಿಕ್ಕ ಕಥೆ.

ಶನಿವಾರ ಮಂಜುಳ ಪುಸ್ತಕ ತಿರುವಿ ಹಾಕಿದಳು. ಬೆಲೆಯ ಕಾಲಂ ಹಾವಿನ ಹಾಗೆ ಏರಿಳಿದಿದೆ, ಉಳಿಕೆಯ ಕಾಲಂನಲ್ಲಿ ಆ ಮಂಗಳವಾರ ಬಿಟ್ಟರೆ ಬರೀ 80. ನಾಳೆ ಬಾಕ್ಸ್ ಸಾವಿರ ಆದರೂ 80 ಬರುತ್ತಾ? ಬರುತ್ತೆ ಅಂತ ಹೇಗೆ ಹೇಳೋದು, ಸಾವಿರಕ್ಕೆ ಒಮ್ಮೆಯೂ ಕೊಂಡಿಲ್ಲವಲ್ಲ! ಕಿಟ್ಟಿ ಸಂಖ್ಯೆ ಹಾಕದೆ ಅಕ್ಷರದಲ್ಲೇ ಇಡೀ ದಿನದ ವ್ಯಾಪಾರ ಮಾಡಿದ. 14 ಕೆ.ಜಿ. ಮಾರಿದರೆ ಕೈಗೆ ಬರೋದು ಬ + 140. ಹೋಗೋದು ಬ + 60.

```
(ಬ + 140) − (ಬ + 60) = 80
```

ಒಂದೇ ದಿನದ ಸಾಲಿನಲ್ಲಿ 'ಬ' ಎರಡು ಕಡೆ ಬಂದಿದೆ, ಹಾಗಾಗಿ ಎರಡೂ ಕಡೆ ಒಂದೇ ಬೆಲೆ. ಬಂದ ಬ ಹೋದ ಬ ವಜಾ ಆಯ್ತು. ಎಷ್ಟು ಅಂತ ತಿಳಿಯದೆಯೇ ಎಲ್ಲ ದಿನಗಳ ಲೆಕ್ಕ ಒಂದು ಸಾಲಿನಲ್ಲಿ ಮುಗಿಯಿತು. ಅಕ್ಷರದ ಬಲ ಮಕ್ಕಳಿಗೆ ಕಾಣೋದು ಇಲ್ಲೇ ಅನ್ನೋದು ನನ್ನ ಖಚಿತ ಅಭಿಪ್ರಾಯ. ಚೀಟಿ ಬರೆಯೋಕೆ ಖಾಲಿ ಚೌಕವೇ ಸಾಕಿತ್ತು, ಎರಡು ಚೌಕದಲ್ಲೂ ಒಂದೇ ಸಂಖ್ಯೆ ಅಂತ ಹೇಳೋಕೆ ಹೆಸರು ಬೇಕಾಯ್ತು.

ಮುಂದಿನ ವಾರ ಮಳೆ ಹಿಡಿಯಿತು. ಬಾಕ್ಸ್ 420, ದರ 40, ಆದರೆ ಸಂಜೆ ಉಳಿಕೆ 40 ಮಾತ್ರ. ಮಾರನೇ ದಿನ ಬಾಕ್ಸ್ 700, ದರ 60, ಉಳಿಕೆ 20. ಕೂಡಿದ್ದು ಕಳೆದದ್ದು ಎಲ್ಲ ಸರಿಯಾಗಿದೆ. ಮಂಜುಳ ಅಜ್ಜಿಯನ್ನು ಕೇಳಿದಳು. "ಎರಡು ದಿನವೂ ಎರಡೆರಡು ಕೆ.ಜಿ. ಕೊಳೆತಿತ್ತಮ್ಮ, ಹಸುವಿಗೆ ಹಾಕಿದೆ." ಮಾರಿದ್ದು 13. ಕಡಿಮೆಯಾದದ್ದು ಸರಿಯಾಗಿ ಆ ದಿನದ ಒಂದು ಕೆ.ಜಿ. ದರ. ಮಂಜುಳ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದು, ಮೇಲೆ "ಮ ಎಂದರೆ ಅಂದು ಮಾರಿದ ಟೊಮೆಟೊ, ಕೆ.ಜಿ.ಗಳಲ್ಲಿ" ಅಂತ ಬರೆದಳು.

ಕಥೆ ಇಷ್ಟೇ. ಈ ಕೊನೆಯ ಭಾಗಕ್ಕೆ ಇನ್ನೊಂದು ಇಡೀ ಪಿರಿಯಡ್ ಇಟ್ಟುಕೋ. 14 ತಾನಾಗಿ ಸ್ಥಿರ ಸಂಖ್ಯೆಯಲ್ಲ, ಶೆಟ್ಟರು ಹಾಗೆ ಎಣಿಸಿಕೊಂಡದ್ದು. 60ರ ಬಗ್ಗೆಯೂ ಇದೇ ಪ್ರಶ್ನೆ ಕೇಳಿಸು: ಆಟೊದವರು ಬಾಡಿಗೆ ಏರಿಸಿದರೆ ಚೀಟಿಯಲ್ಲಿ ಎಲ್ಲೆಲ್ಲಿ ತಿದ್ದಬೇಕು? 140ರೊಳಗೆ 60 ಅಡಗಿದೆ ಅನ್ನೋದು ಬಹಳ ಮಕ್ಕಳಿಗೆ ಕಾಣೋದಿಲ್ಲ. ಅಂಥವರಿಗೆ ಚೀಟಿಯನ್ನು ಮೊದಲಿಂದ ಬ + 60 + 80 ಅಂತಲೇ ಬರೆಸು.

ಇಂತಿ ನಿನ್ನ ಗೆಳೆಯ